ಅಮ್ಮನ ಗಂಟಲು ನೋವು, ಮಸ್ಕತ್‌ನಿಂದ ಫೋನ್

"ನಾನು ಹೊರದೇಶದಲ್ಲಿದೀನಿ, ಊರಲ್ಲಿ ಅಮ್ಮ ಒಬ್ರೇ. ಎರಡು ದಿನದಿಂದ ಗಂಟಲು ನೋವು ಅಂತಿದಾರೆ. ಫೋನಲ್ಲೇ ಏನೇನು ಕೇಳ್ಬೇಕು, ಯಾವಾಗ ಡಾಕ್ಟ್ರ ಹತ್ರ ಕಳಿಸ್ಬೇಕು?"

ನಾನೂ ನಿಮ್ಮ ಥರಾನೇ, ಇರೋದು ಮಸ್ಕತ್‌ನಲ್ಲಿ, ನಮ್ಮಮ್ಮ ತೀರ್ಥಹಳ್ಳಿ ಹತ್ರ, 69 ವರ್ಷ. ನಾನು ಡಾಕ್ಟ್ರಲ್ಲ. ಹೋದ ವರ್ಷ ಅಮ್ಮಂಗೆ ಹೀಗೇ ಆದಾಗ ಊರಿನ ಡಾಕ್ಟ್ರು ನಂಗೆ ಫೋನಲ್ಲಿ ಕೇಳಿದ ಪ್ರಶ್ನೆಗಳನ್ನೇ ಒಂದು ಹಾಳೆ ಮೇಲೆ ಬರ್ಕೊಂಡು ಇಟ್ಕೊಂಡಿದೀನಿ, ಅದನ್ನೇ ಹೇಳ್ತೀನಿ.

ಮೊದ್ಲು ಒಂದು ವಿಷ್ಯ. "ಹೇಗಿದೆ ಅಮ್ಮಾ" ಅಂತ ಕೇಳಿದ್ರೆ "ಏನಿಲ್ಲ ಕಣೋ, ಸ್ವಲ್ಪ ಕೆರ್ತ ಅಷ್ಟೆ, ನೀನು ಊಟ ಮಾಡ್ದ್ಯಾ" ಅನ್ನೋದೇ ಉತ್ರ. ಮಗ ದೂರದಲ್ಲಿ ಕೂತು ಗಾಬರಿ ಆಗ್ತಾನೆ ಅಂತ ಮುಚ್ಚಿಡ್ತಾರೆ. ಹಾಗಾಗಿ ಅಭಿಪ್ರಾಯ ಕೇಳ್ಬೇಡಿ, ಕೆಲ್ಸ ಮಾಡ್ಸಿ. "ನುಂಗೋಕೆ ಆಗತ್ತಾ" ಅನ್ನೋ ಬದ್ಲು "ಒಂದು ಲೋಟ ನೀರು ತಗೊಂಡ್ ಬಾ, ನಾನು ಲೈನಲ್ಲೇ ಇರ್ತೀನಿ, ಒಂದು ಗುಟುಕು ಕುಡಿ" ಅನ್ನಿ. ನೀರು ಇಳೀತಾ, ಮೂಗಿಂದ ವಾಪಸ್ ಬಂತಾ, ಕೆಮ್ಮು ಬಂತಾ ಎಲ್ಲಾ ನಿಮ್ಗೇ ಕೇಳ್ಸತ್ತೆ. ಆಮೇಲೆ ಬಾಯಿ ತೆಗೆದು ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿನ ಮಧ್ಯೆ ತೂರ್ಸೋಕೆ ಹೇಳಿ. ಸಾಮಾನ್ಯವಾಗಿ ಹೋಗತ್ತೆ. ಯಾವಾಗ್ಲೂ ಹೋಗ್ತಿದ್ದಿದ್ದು ಈಗ ಬಾಯಿ ಬಿಗಿಯಾಗಿ ಒಂದೇ ಬೆರಳು ಹೋಗ್ತಿದ್ರೆ, ಅದ್ರಲ್ಲೂ ಒಂದೇ ಪಕ್ಕ ನೋವಿದ್ರೆ, ಟಾನ್ಸಿಲ್ ಪಕ್ಕ ಕೀವು ಕಟ್ಟಿರ್ಬಹುದು.

ಇದರ ಜೊತೆಗೇ ಧ್ವನಿ ಗಮನಿಸಿ. ನಿಮ್ಮಮ್ಮನ ಧ್ವನಿ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಬರೀ ಒಡೆದಿದ್ರೆ ಅಷ್ಟು ಚಿಂತೆ ಇಲ್ಲ, ಆದ್ರೆ ಬಾಯಲ್ಲಿ ಬಿಸಿ ಅನ್ನದ ತುತ್ತು ಇಟ್ಕೊಂಡು ಮಾತಾಡ್ದಂಗೆ ಕೇಳ್ಸಿದ್ರೆ, ಒಂದು ವಾಕ್ಯ ಪೂರ್ತಿ ಮಾಡೋಕೆ ಉಸಿರು ಸಾಲದಿದ್ರೆ, ಉಸಿರು ಎಳ್ಕೊಳ್ಳುವಾಗ ಕರ್ಕಶ ಸದ್ದು ಬಂದ್ರೆ, ಎಂಜಲು ನುಂಗೋಕಾಗ್ದೆ ಉಗೀತಾ ಕೂತಿದ್ರೆ, ತುಟಿನೋ ನಾಲಿಗೇನೋ ಊದಿದ್ರೆ ಹಾಳೆ ಮುಂದಕ್ಕೆ ಓದ್ಬೇಡಿ, ಪಕ್ಕದ ಮನೆಯವ್ರಿಗೆ ಫೋನ್ ಮಾಡಿ 108 ಕರೆಸಿ. ತುಟಿ ನಾಲಿಗೆ ಊದೋದು ಬಿಪಿಗೆ ಕೊಡೋ ರಾಮಿಪ್ರಿಲ್, ಎನಾಲಾಪ್ರಿಲ್ ಥರದ ಮಾತ್ರೆಯಿಂದ್ಲೂ ಆಗತ್ತೆ, ವರ್ಷಗಟ್ಲೆ ತಗೊಂಡಮೇಲೂ ಆಗ್ಬಹುದು. ಇಂಥ ಹೊತ್ತಲ್ಲಿ ಚಮಚ ಹಾಕಿ ಗಂಟಲು ನೋಡೋಕೆ ಯಾರಿಗೂ ಹೇಳ್ಬೇಡಿ. ಇನ್ನೊಂದು, ನಡೆದಾಗ ಗಂಟಲು ಹಿಡ್ದಂಗಾಗತ್ತೆ, ಕೂತ್ರೆ ಕಮ್ಮಿ ಆಗತ್ತೆ, ಬೆವರು ಬರತ್ತೆ ಅಂದ್ರೆ ಅದು ಗಂಟಲಲ್ಲ, ಹಾರ್ಟ್ ಇರ್ಬಹುದು, ಶುಗರ್ ಇರೋ ವಯಸ್ಸಾದ ಹೆಂಗಸ್ರಲ್ಲಿ ಎದೆನೋವಿಲ್ದೆ ಹೀಗೂ ಬರತ್ತೆ.

ಹೋದ ವರ್ಷ ನಮ್ಮಮ್ಮಂಗೆ ಇವ್ಯಾವುದೂ ಇರ್ಲಿಲ್ಲ. ನೀರು ಇಳೀತು, ಮೂರು ಬೆರಳೂ ಹೋಯ್ತು. ಮೂಗು ಸ್ವಲ್ಪ ಸುರೀತಿತ್ತು, ಒಣಕೆಮ್ಮು ಇತ್ತು. ಮೂಗು ಸುರಿಯೋದು ಕೆಮ್ಮು ಎರಡೂ ಇದ್ರೆ ಹೆಚ್ಚಾಗಿ ವೈರಸ್ಸೇ, ಆಂಟಿಬಯೋಟಿಕ್ ಏನೂ ಮಾಡಲ್ಲ. ಜ್ವರ ನೋಡ್ಸಿದೆ. ಮೊದಲ್ನೇ ಸಲ 101 ಅಂದ್ರು, ಕೇಳಿದ್ರೆ ಆಗಷ್ಟೇ ಕಾಫಿ ಕುಡಿದಿದಾರೆ! ಬಿಸಿ ಕುಡಿದ್ರೆ ಅರ್ಧ ಗಂಟೆ ಬಿಟ್ಟು ನೋಡ್ಬೇಕು, ಮಾತ್ರೆ ನುಂಗೋ ಮುಂಚೆನೇ ನೋಡ್ಬೇಕು. ಆಮೇಲೆ 100.2 ಬಂತು. ವಯಸ್ಸಾದವ್ರಿಗೆ ಇನ್ಫೆಕ್ಷನ್ ಜೋರಿದ್ರೂ ಜ್ವರ ಏರದೇ ಇರ್ಬಹುದು, ಅದಕ್ಕೆ ಬೆಳಿಗ್ಗೆಯಿಂದ ಎಷ್ಟು ಸಲ ಬಾತ್‌ರೂಮಿಗೆ ಹೋದೆ, ಇವತ್ತು ಯಾವ ವಾರ ಅಂತ್ಲೂ ಕೇಳ್ತೀನಿ. ಮೂತ್ರ ಕಮ್ಮಿ ಆಗಿದ್ರೆ, ಮಾತು ಗಲಿಬಿಲಿ ಆದ್ರೆ ಅದೇ ಸುಳಿವು.

ಸರಿ ಅಂತ ಉಪ್ಪುನೀರು ಮುಕ್ಕಳಿಸು, ಡೋಲೋ 650 ಒಂದು ತಗೋ ಅಂತ ಹೇಳಿ ಫೋನ್ ಇಟ್ಟೆ. ಅಲ್ಲೇ ತಪ್ಪಾಯ್ತು. ಯಾವ್ಯಾವ ಮಾತ್ರೆ ತಗೋತಿದೀಯ ಅನ್ನೋ ಪ್ರಶ್ನೆ ಕೇಳ್ಲೇ ಇಲ್ಲ. ಯಾಕಂದ್ರೆ ಅಮ್ಮಂಗೆ ಬಿಪಿ ಮಾತ್ರೆ ಒಂದೇ ಅಂತ ನನ್ ತಲೇಲಿತ್ತು. ರಾತ್ರಿ ನೆನಪಾಯ್ತು, ಎರಡು ತಿಂಗಳ ಹಿಂದೆ ಕೈ ನಡುಕ, ಎದೆ ಡವಡವ, ತೂಕ ಇಳೀತಿದೆ ಅಂತ ಶಿವಮೊಗ್ಗದಲ್ಲಿ ತೋರ್ಸಿ ಥೈರಾಯ್ಡ್ ಜಾಸ್ತಿ ಅಂತ ಮಾತ್ರೆ ಶುರು ಮಾಡಿದ್ರಲ್ಲ ಅಂತ. ತಕ್ಷಣ ಫೋನ್ ಮಾಡಿ ಮನೇಲಿರೋ ಸ್ಟ್ರಿಪ್‌ಗಳನ್ನೆಲ್ಲಾ ಫೋಟೋ ತೆಗೆದು ವಾಟ್ಸಾಪ್ ಮಾಡ್ಸಿದೆ. ಬಿಪಿ ಮಾತ್ರೆ ಡಬ್ಬೀಲಿತ್ತು, ಇದು ದೇವರ ಮನೆ ಕಿಟಕೀಲಿತ್ತು, ಕಾರ್ಬಿಮಜೋಲ್.

ಈ ಕಾರ್ಬಿಮಜೋಲ್ ತುಂಬಾ ಕಡಿಮೆ ಜನಕ್ಕೆ, ಹೆಚ್ಚಾಗಿ ಶುರು ಮಾಡಿದ ಮೊದಲ ಮೂರು ತಿಂಗಳಲ್ಲಿ, ರಕ್ತದ ಬಿಳಿ ಕಣಗಳನ್ನ ಒಮ್ಮೆಲೇ ಇಳಿಸಿಬಿಡತ್ತೆ. ರೋಗದ ಜೊತೆ ಹೋರಾಡೋ ನ್ಯೂಟ್ರೋಫಿಲ್ ಕಣಗಳೇ ಖಾಲಿ ಆಗ್ತಾವೆ. ಅದರ ಮೊದಲ ಸುಳಿವು ಏನು ಗೊತ್ತಾ, ಗಂಟಲು ನೋವು, ಜ್ವರ, ಬಾಯಲ್ಲಿ ಹುಣ್ಣು. ನೋಡೋಕೆ ಸಾದಾ ನೆಗಡಿ ಥರಾನೇ ಇರತ್ತೆ, ಫೋನಲ್ಲಿರ್ಲಿ, ಎದುರಿಗೆ ಕೂತು ಟಾರ್ಚ್ ಹಾಕಿ ನೋಡಿದ್ರೂ ಬೇರೆ ಮಾಡೋಕಾಗಲ್ಲ, ರಕ್ತ ಪರೀಕ್ಷೆ ಮಾಡ್ಸಿದ್ರೇನೇ ಗೊತ್ತಾಗೋದು. ಥೈರಾಯ್ಡ್ ಕಮ್ಮಿ ಇರೋರು ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಳ್ಳೋ ಥೈರಾಕ್ಸಿನ್ ಮಾತ್ರೆಗೆ ಈ ತೊಂದ್ರೆ ಇಲ್ಲ, ಎರಡೂ ಒಂದೇ ಅಂದ್ಕೋಬೇಡಿ. ಆದ್ರೆ ಕೀಲುವಾತಕ್ಕೆ ವಾರಕ್ಕೊಂದ್ಸಲ ಕೊಡೋ ಮೆಥೊಟ್ರೆಕ್ಸೇಟ್, ಕ್ಯಾನ್ಸರ್ ಚಿಕಿತ್ಸೆ ಔಷಧಿಗಳು, ಇವಕ್ಕೂ ಇದೇ ಎಚ್ಚರ ಬೇಕು.

ರಾತ್ರಿನೇ ಡಾಕ್ಟ್ರಿಗೆ ಫೋನ್ ಮಾಡ್ದೆ. ಬೆಳಗಿನ ಕಾರ್ಬಿಮಜೋಲ್ ಕೊಡ್ಬೇಡಿ, ಎದ್ದ ತಕ್ಷಣ ಸಿಬಿಸಿ ಅನ್ನೋ ರಕ್ತ ಪರೀಕ್ಷೆ ಮಾಡ್ಸಿ, ಅದ್ರಲ್ಲಿ ಯಾವ ಬಿಳಿ ಕಣ ಎಷ್ಟಿದೆ ಅಂತ ತೋರ್ಸೋ ಡಿಫರೆನ್ಶಿಯಲ್ ಕೌಂಟ್ ಇರ್ಲೇಬೇಕು, ನಡುವೆ ಚಳಿ ನಡುಕ ಬಂದ್ರೆ ಬೆಳಗಾಗೋವರ್ಗೂ ಕಾಯ್ಬೇಡಿ ಅಂದ್ರು. ಪಕ್ಕದ ಮನೆ ಅಣ್ಣ ಬೈಕಲ್ಲಿ ಲ್ಯಾಬಿಗೆ ಕರ್ಕೊಂಡೋದ್ರು. ಮಧ್ಯಾಹ್ನ ರಿಪೋರ್ಟ್ ಬಂತು, ಬಿಳಿ ಕಣಗಳ ಟೋಟಲ್ ಕೌಂಟ್ 5,800, ನ್ಯೂಟ್ರೋಫಿಲ್ 60 ಪರ್ಸೆಂಟ್. ಗುಣಿಸಿದ್ರೆ ನ್ಯೂಟ್ರೋಫಿಲ್ ಸುಮಾರು 3,500. ಇದು 500ಕ್ಕಿಂತ ಕೆಳಗಿಳಿದ್ರೆ ಆಸ್ಪತ್ರೆಗೆ ಸೇರ್ಲೇಬೇಕಂತೆ. ಅಮ್ಮಂದು ಸಾದಾ ವೈರಸ್ಸು, ಮಾತ್ರೆ ಮತ್ತೆ ಶುರು ಮಾಡಿ ಅಂದ್ರು, ಆರನೇ ದಿನಕ್ಕೆ ಗಂಟಲು ಸರಿಹೋಯ್ತು. ಏನೂ ಇರ್ಲಿಲ್ವಲ್ಲ, ಸುಮ್ನೆ ದುಡ್ಡು ದಂಡ ಅಂತ ಅಮ್ಮ ಈಗ್ಲೂ ಅಂತಾರೆ. ನಾಳೆ ಮತ್ತೆ ಗಂಟಲು ನೋವು ಅಂದ್ರೂ ನಾನು ಅದನ್ನೇ ಮಾಡ್ಸೋದು.

ಹಾಗಾಗಿ ನೀವು ನೀರು ಕುಡಿಸಿ ಧ್ವನಿ ಕೇಳಿ ಆದ್ಮೇಲೆ ಮಾಡೋ ಮೊದಲ ಕೆಲ್ಸ ಸ್ಟ್ರಿಪ್‌ಗಳ ಫೋಟೋ. ಹೆಸರು ಹೇಳು ಅಂದ್ರೆ "ಆ ಸಣ್ಣ ಬಿಳಿ ಮಾತ್ರೆ" ಅಂತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಆ ಫೋಟೋ ನೋಡಿದಾಗ್ಲೇ ಮನೇಲಿರೋ ಹಳೇ ಆಂಟಿಬಯೋಟಿಕ್ ಕೂಡ ಕಾಣ್ಸತ್ತೆ, ಅದನ್ನ ತಗೋಬೇಡ ಅಂತ ಹೇಳಿ.

ಅಪಾಯದ ಗುರುತು ಯಾವ್ದೂ ಇಲ್ದಿದ್ರೆ ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಮೂರ್ನಾಲ್ಕು ಸಲ. ಡೋಲೋ 650 ಆರು ಗಂಟೆ ಅಂತರದಲ್ಲಿ, ದಿನಕ್ಕೆ ಮೂರು ಸಾಕು, ಲಿವರ್ ತೊಂದ್ರೆ ಇದ್ರೆ ಡಾಕ್ಟ್ರನ್ನ ಕೇಳಿ ಕೊಡಿ. ಡೋಲೋದಲ್ಲಿರೋ ಪ್ಯಾರಾಸಿಟಮಾಲ್ ನೆಗಡಿ ಮಾತ್ರೆಗಳಲ್ಲೂ ಇರತ್ತೆ, ಎರಡೂ ಸೇರಿ ಲೆಕ್ಕ ತಪ್ಪತ್ತೆ. ಬೆಳಿಗ್ಗೆ ಸಂಜೆ ಎರಡು ಸಲ ಅದೇ ನೀರಿನ ಲೋಟದ ಪರೀಕ್ಷೆ ಮಾಡಿ. ಮೂರ್ನಾಲ್ಕು ದಿನಕ್ಕೂ ಇಳೀದೆ ಜಾಸ್ತಿ ಆಗ್ತಿದ್ರೆ ಡಾಕ್ಟ್ರ ಹತ್ರ ಕಳಿಸಿ. ಧ್ವನಿ ಒಡೆದಿದ್ದು ಮೂರು ವಾರ ಆದ್ರೂ ಹಾಗೇ ಇದ್ರೆ, ಅದ್ರಲ್ಲೂ ಎಲೆ ಅಡಿಕೆ ಹೊಗೆಸೊಪ್ಪು ಹಾಕೋರಾದ್ರೆ, ಇಎನ್‌ಟಿ ಡಾಕ್ಟ್ರಿಗೇ ತೋರಿಸಿ.