ಹತ್ತು ಸಾವಿರ ಕಟ್ಟಿದರೂ ಕ್ರೆಡಿಟ್ ಕಾರ್ಡಿನ ಬಿಲ್ಲು ಯಾಕೆ ಇಳಿಯಲಿಲ್ಲ?

ಹೆಸರು, ಕೆಲಸದ ವಿವರ ಎಲ್ಲ ಬದಲಿಸಿದ್ದೇನೆ. ಲೆಕ್ಕವನ್ನು ಓದುವವರಿಗೆ ಸುಲಭ ಆಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ, ಅಷ್ಟೆ.

ಉಡುಪಿ ಹತ್ತಿರದ ದಂಪತಿ. ಗಂಡನಿಗೆ ಮಣಿಪಾಲದಲ್ಲಿ ಕೆಲಸ, ಸಂಬಳ ಬರುವುದು ಪ್ರತಿ ತಿಂಗಳು 5ಕ್ಕೆ. ಇಬ್ಬರೂ ಒಟ್ಟಿಗೆ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು, ಮಾತು ಶುರು ಮಾಡಿದ್ದು ಹೆಂಡತಿ. "ನೋಡಿ ಮೇಡಂ, ಇವರು ಹತ್ತು ಸಾವಿರ ಕಟ್ಟಿದ್ದೇನೆ ಅಂತಾರೆ, ಬಿಲ್ಲು ನೋಡಿದ್ರೆ ಒಂದು ಸಾವಿರ ಚಿಲ್ಲರೆ ಮಾತ್ರ ಕಡಿಮೆ ಆಗಿದೆ. ಉಳಿದದ್ದು ಎಂತ ಆಯ್ತು?" ಗಂಡನಿಗೆ ಬ್ಯಾಂಕಿನ ಮೇಲೆ ಸಿಟ್ಟು. "ಮಿನಿಮಮ್ ಎರಡೇ ಸಾವಿರ ಇತ್ತು, ನಾನು ಅದರ ಐದು ಪಟ್ಟು ಕಟ್ಟಿದ್ದೇನೆ. ಮತ್ತೆ ಎಂತಕ್ಕೆ ಬಡ್ಡಿ ಹಾಕಬೇಕು?"

ಎರಡು ಸ್ಟೇಟ್‌ಮೆಂಟನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡೆವು.

ಅವರ ಬಿಲ್ಲು ತಯಾರಾಗುವುದು ಪ್ರತಿ ತಿಂಗಳು 12ಕ್ಕೆ, ಕಟ್ಟಲು ಕೊನೆ ದಿನ ಅಲ್ಲಿಂದ 20 ದಿನಕ್ಕೆ, ಅಂದರೆ ಹೆಚ್ಚಾಗಿ ಮುಂದಿನ ತಿಂಗಳ 1 ಅಥವಾ 2. ಮೇ 16ಕ್ಕೆ 30,000 ರೂಪಾಯಿಯ ಫ್ರಿಡ್ಜ್. ಜೂನ್ 6ಕ್ಕೆ ಮದುವೆ ಮನೆಗೆ ಅಂತ 10,000 ರೂಪಾಯಿಯ ಬಟ್ಟೆ. ಜೂನ್ 12ರ ಬಿಲ್ಲಿನಲ್ಲಿ ಒಟ್ಟು 40,000, ಮಿನಿಮಮ್ 2,000. ಜುಲೈ 2ಕ್ಕೆ ಇವರು 10,000 ಕಟ್ಟಿದರು. ಅದರ ನಡುವೆ ಜೂನ್ 20ಕ್ಕೆ ಮಕ್ಕಳ ಶಾಲೆಯ ಬ್ಯಾಗು, ರೈನ್‌ಕೋಟು, ಶೂ ಅಂತ ಇನ್ನೊಂದು 6,000 ಉಜ್ಜಿದ್ದರು. ಹಾಗಾಗಿ ಜುಲೈ 12ರ ಬಿಲ್ಲು 36,000 ಬರುತ್ತದೆ ಅಂತ ಅವರ ಅಂದಾಜು. ಬಂದದ್ದು 38,853.

ಮೊದಲು ಅವರ ತಲೆಯಲ್ಲಿದ್ದ "50 ದಿನ ಬಡ್ಡಿ ಇಲ್ಲ" ಎಂಬ ಮಾತನ್ನು ಬಿಡಿಸಬೇಕಾಯಿತು. ಆ 50 ದಿನ ಸಿಗುವುದು ಬಿಲ್ಲಿನ ಮಾರನೇ ದಿನವೇ, ಅಂದರೆ ಮೇ 13ಕ್ಕೆ, ಕೊಂಡ ವಸ್ತುವಿಗೆ ಮಾತ್ರ. ಅದೇ ಕಾರ್ಡಿನಲ್ಲಿ ಜೂನ್ 12ಕ್ಕೆ ಕೊಂಡರೆ ಸಿಗುವುದು ಬರೀ 20 ದಿನ. ಎರಡಕ್ಕೂ ಕೊನೆ ದಿನ ಜುಲೈ 2 ಅಲ್ವಾ. ಆದರೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈ ಬಡ್ಡಿರಹಿತ ಅವಧಿ ಒಂದು ಷರತ್ತಿನ ಮೇಲೆ ಕೊಟ್ಟದ್ದು: ಬಿಲ್ಲಿನ ಒಟ್ಟು ಮೊತ್ತ ಕೊನೆ ದಿನದೊಳಗೆ ಪೂರ್ತಿ ಬರಬೇಕು. ಬರಲಿಲ್ಲ ಅಂದರೆ ಉಳಿದ ಹಣಕ್ಕೆ ಜುಲೈ 3ರಿಂದ ಬಡ್ಡಿ ಶುರು ಆಗುವುದಲ್ಲ, ಲೆಕ್ಕ ಹಿಂದಕ್ಕೆ ಹೋಗಿ ವಸ್ತು ಕೊಂಡ ದಿನದಿಂದಲೇ ಶುರು ಆಗುತ್ತದೆ. ಇಲ್ಲಿಯೇ ಹೆಚ್ಚಿನವರು ಎಡವುವುದು.

ಅವರ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5, ವರ್ಷಕ್ಕೆ ಶೇ 42. ಕಾರ್ಡಿನ ಜೊತೆ ಬಂದ ನಿಯಮಪತ್ರದಲ್ಲಿದ್ದ ಕ್ರಮದಲ್ಲೇ ಕುಳಿತು ಲೆಕ್ಕ ಹಾಕಿದೆವು. ಫ್ರಿಡ್ಜಿನ 30,000ಕ್ಕೆ ಮೇ 16ರಿಂದ ಜುಲೈ 2ರವರೆಗೆ 47 ದಿನ, 1,622 ರೂಪಾಯಿ. ಬಟ್ಟೆಯ 10,000ಕ್ಕೆ 26 ದಿನ, 299. ಹತ್ತು ಸಾವಿರ ಕಟ್ಟಿದ ಮೇಲೆ ಉಳಿದ 30,000ಕ್ಕೆ ಜುಲೈ 12ರವರೆಗೆ 10 ದಿನ, 345. ಇಲ್ಲಿಯವರೆಗೆ ಗಂಡ ತಲೆ ಆಡಿಸುತ್ತಿದ್ದರು. ನಾಲ್ಕನೆಯ ಸಾಲು ನೋಡಿ ಸಿಟ್ಟು ಬಂತು: ಶಾಲೆಯ ಸಾಮಾನಿನ 6,000ಕ್ಕೂ ಜೂನ್ 20ರಿಂದ 22 ದಿನದ ಬಡ್ಡಿ, 152.

"ಅದರ ಬಿಲ್ಲೇ ಬಂದಿರಲಿಲ್ಲ ಮಾರಾಯ್ರೆ!"

ಹೌದು, ಬಂದಿರಲಿಲ್ಲ. ಆದರೆ ಹಳೆಯದು ಬಾಕಿ ಇದ್ದರೆ ಹೊಸ ಖರೀದಿಗೂ ಆ ರಿಯಾಯಿತಿ ಇಲ್ಲ, ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. ಒಟ್ಟು ಬಡ್ಡಿ 2,418, ಅದರ ಮೇಲೆ ಶೇ 18 ಜಿಎಸ್‌ಟಿ 435. ಸೇರಿಸಿದರೆ 2,853. ಬಿಲ್ಲಿಗೆ ಸರಿಯಾಗಿ ತಾಳೆ ಆಯಿತು. ಬ್ಯಾಂಕು ಇಲ್ಲಿ ತಪ್ಪು ಮಾಡಿರಲಿಲ್ಲ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಕಟ್ಟಿದ ಹಣ ಕಳೆದು ಬಾಕಿ ಇರುವ ಮೊತ್ತಕ್ಕೆ ಮಾತ್ರ ಬಡ್ಡಿ ಹಾಕಬೇಕು. ಕಟ್ಟಿದ್ದನ್ನು ಕಳೆಯುವ ಲೆಕ್ಕದ ಕ್ರಮ ನಿಮ್ಮ ಕಾರ್ಡಿನಲ್ಲಿ ಹೇಗಿದೆ ಅಂತ ನಿಯಮಪತ್ರದ ಉದಾಹರಣೆ ನೋಡಿ ತಿಳಿದುಕೊಳ್ಳಬೇಕು.

ಹೆಂಡತಿಯ ಕಣ್ಣಿಗೆ ಇನ್ನೊಂದು ಬಿತ್ತು. ಬಾಕಿ ಕಡಿಮೆ ಆಗಿದೆ, ಆದರೂ ಮಿನಿಮಮ್ ಮಾತ್ರ 2,000ದಿಂದ 4,653ಕ್ಕೆ ಏರಿದೆ, ಹೇಗೆ? ಬಡ್ಡಿ, ತೆರಿಗೆ ಪೂರ್ತಿ ಸೇರಿಸಿ, ಅದರ ಮೇಲೆ ಅಸಲಿನ ಶೇ 5 ಹಾಕಿದ್ದಾರೆ: 2,853 ಮತ್ತು 1,800. ಮಿನಿಮಮ್ ಕಟ್ಟಿಯೂ ಸಾಲ ಬೆಳೆಯುತ್ತಾ ಹೋಗಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ, ಹಾಗಾಗಿ ಬಡ್ಡಿ ಬಿದ್ದ ತಿಂಗಳು ಮಿನಿಮಮ್ ಹಾರುತ್ತದೆ. ಇವರು ಈ ಸಲ 4,653 ಕಟ್ಟಿ ಸುಮ್ನೆ ಕೂತರೆ ಸಾಲದಿಂದ ಕರಗುವುದು 1,800 ಮಾತ್ರ.

ಹಾಗಾದರೆ ಮಿನಿಮಮ್ ಕಟ್ಟಿ ಏನು ಲಾಭ? ತಡ ಶುಲ್ಕ ಬೀಳುವುದಿಲ್ಲ, ಸಿಬಿಲ್‌ನಂಥ ಕಡೆ ಬಾಕಿದಾರ ಅಂತ ದಾಖಲಾಗುವುದಿಲ್ಲ. ಅಷ್ಟೆ. ಬಡ್ಡಿಗೂ ಅದಕ್ಕೂ ಸಂಬಂಧ ಇಲ್ಲ.

ಸಲಹೆಯಾಗಿ ನಾನು ಮೊದಲು ಹೇಳಿದ್ದು, ಪೂರ್ತಿ ತೀರುವವರೆಗೆ ಈ ಕಾರ್ಡನ್ನು ಹೊರಗೆ ತೆಗೆಯಬೇಡಿ, ಪೆಟ್ರೋಲಿಗೂ ಬೇಡ ಅಂತ. ಎರಡನೆಯದು, ಆಗಸ್ಟ್ 1ರವರೆಗೆ ಸಮಯ ಇದೆ ಅಂತ ಕಾಯಬೇಡಿ. ಬಡ್ಡಿ ಬೀಳುವುದು ದಿನದ ಲೆಕ್ಕದಲ್ಲಿ. 30,000ಕ್ಕೆ ಜಿಎಸ್‌ಟಿ ಸೇರಿ ದಿನಕ್ಕೆ ಸುಮಾರು 40 ರೂಪಾಯಿ. ಹೆಂಡತಿಯ ಹೆಸರಿನಲ್ಲಿ ಊರಿನ ಸೊಸೈಟಿಯಲ್ಲಿ ಠೇವಣಿ ಇತ್ತು. ಅದರ ಮೇಲೆ ಸಾಲ ತೆಗೆದರೆ ವರ್ಷಕ್ಕೆ ಶೇ 10, ಅದೇ ಮೊತ್ತಕ್ಕೆ ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಕಾರ್ಡಿನ ಬಾಕಿಯನ್ನೇ ಇಎಂಐ ಮಾಡುವ ದಾರಿಯೂ ಇದೆ, ಆದರೆ ಸಂಸ್ಕರಣಾ ಶುಲ್ಕ, ಬಡ್ಡಿಯ ಮೇಲೆ ಮತ್ತೆ ಜಿಎಸ್‌ಟಿ ಎಲ್ಲ ಸೇರುತ್ತದೆ. ಠೇವಣಿ ಇದ್ದವರಿಗೆ ಅದು ಯಾಕೆ ಬೇಕು? ಅವರು 30,000 ಠೇವಣಿ ಸಾಲ ತೆಗೆದು, ಉಳಿದದ್ದನ್ನು ಸಂಬಳದಿಂದ ಹಾಕಿ, ಜುಲೈ 15ಕ್ಕೆ 38,853 ಪೂರ್ತಿ ಕಟ್ಟಿದರು.

ಮುಂದಿನ ಬಿಲ್ಲಿನಲ್ಲಿ ನೂರೈವತ್ತರ ಆಸುಪಾಸು ಮತ್ತೆ ಬಡ್ಡಿ ಬರುತ್ತದೆ, ಗಾಬರಿ ಆಗಬೇಡಿ ಅಂತ ಮೊದಲೇ ಹೇಳಿದ್ದೆ. ಜುಲೈ 12ರಿಂದ ಕಟ್ಟಿದ ದಿನದವರೆಗಿನ ಮೂರು ದಿನದ ಬಡ್ಡಿ ಅದು. ಬಿಲ್ಲು ತಯಾರಾಗುವಾಗ ಅದಿನ್ನೂ ಹುಟ್ಟಿರಲಿಲ್ಲ. ಪೂರ್ತಿ ಕಟ್ಟಿ ಆಯ್ತಲ್ಲ ಅಂತ ಈ ಚಿಲ್ಲರೆಯನ್ನು ಬಿಟ್ಟರೆ ಬಾಕಿ ಮತ್ತೆ ಜೀವಂತ. ಇದನ್ನೂ ತೀರಿಸಿದ ಮೇಲೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ವಾಪಸ್.

ಮೊಬೈಲ್ ತೆಗೆಸಿ ನೋಡಿದಾಗ ಆಟೋಪೇಯಲ್ಲಿ "Minimum Amount Due" ಅಂತ ಟಿಕ್ ಆಗಿತ್ತು. "Total Amount Due" ಮಾಡಿಸಿದೆ. ಆದರೆ 2ನೇ ತಾರೀಕಿಗೆ ಖಾತೆಯಲ್ಲಿ ಹಣವೇ ಇರುವುದಿಲ್ಲ, ಸಂಬಳ 5ಕ್ಕೆ. ಇವರು ಆ ದಿನ ಹತ್ತೇ ಸಾವಿರ ಕಟ್ಟಿದ್ದಕ್ಕೂ ಕಾರಣ ಇದೇ, ಕೈಯಲ್ಲಿ ಇದ್ದದ್ದು ಅಷ್ಟೇ. ಬಿಲ್ಲಿನ ದಿನವನ್ನು ಬದಲಿಸಿಕೊಳ್ಳಲು ಕನಿಷ್ಠ ಒಂದು ಸಲವಾದರೂ ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, ಇದು ಅವರಿಗೆ ಗೊತ್ತಿರಲಿಲ್ಲ. ಬಿಲ್ಲು 20ಕ್ಕೆ ಬರುವ ಹಾಗೆ ಕೇಳಿಕೊಳ್ಳಲು ಹೇಳಿದೆ. ಆಗ ಕೊನೆ ದಿನ ಮುಂದಿನ ತಿಂಗಳ 10ರ ಹೊತ್ತಿಗೆ ಬೀಳುತ್ತದೆ. ಬದಲಾವಣೆ ಆಗುವ ತಿಂಗಳು ಬಿಲ್ಲಿನ ಅವಧಿ ಉದ್ದವೋ ಗಿಡ್ಡವೋ ಆಗಬಹುದು, ಆ ಒಂದು ಸಲ ಕೊನೆ ದಿನವನ್ನು ಅಂದಾಜಿನ ಮೇಲೆ ಬಿಡದೆ ಬಿಲ್ಲಿನಲ್ಲೇ ಓದಿಕೊಳ್ಳಿ ಅಂತಲೂ ಹೇಳಿ ಕಳುಹಿಸಿದೆ.