ರಿಪೋರ್ಟಿನ ಆ 16 ವರ್ಷ ಎಲ್ಲಿಂದ ಬಂತು?

ಪ್ರಶ್ನೆ: ನನಗೆ 41 ವರ್ಷ. ಆನ್‌ಲೈನ್‌ನಲ್ಲಿ ಬುಕ್ ಮಾಡಿ ಟೆಲೋಮಿಯರ್ ಟೆಸ್ಟ್ ಮಾಡಿಸಿದೆ. ಉದ್ದ 6.7 ಕಿಲೋಬೇಸ್, ನನ್ನ ವಯಸ್ಸಿನವರ ಸರಾಸರಿ 7.1, ಹಾಗಾಗಿ ನನ್ನ 'ಜೈವಿಕ ವಯಸ್ಸು' 57 ಅಂತ ಬಂದಿದೆ. ನಿಜವಾಗ್ಲೂ 16 ವರ್ಷ ಮುಂಚೆಯೇ ಮುದುಕನಾಗಿಬಿಟ್ಟಿದ್ದೀನಾ? ಅವರೇ ಹೇಳಿದ ಮಾತ್ರೆ ತಗೊಂಡು ಆರು ತಿಂಗಳ ಮೇಲೆ ಮತ್ತೆ ಟೆಸ್ಟ್ ಮಾಡಿಸಬೇಕಾ?

ಇಲ್ಲ. ಎರಡಕ್ಕೂ ಇಲ್ಲ. ಕೆಲವು ವರ್ಷ ಒಂದು ಲ್ಯಾಬಿನಲ್ಲಿ ಇದೇ ಅಳತೆ ಮಾಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಆ 57 ಹೇಗೆ ಹುಟ್ಟಿತು ಎಂದು ಊಹಿಸುವುದು ಕಷ್ಟವಲ್ಲ.

ಮೊದಲು ವಸ್ತು ಏನು ಅಂತ ನೋಡೋಣ. ಸೀರೆಯ ಸೆರಗಿನ ತುದಿಗೆ ಕುಚ್ಚು ಕಟ್ಟುತ್ತಾರಲ್ಲ, ಎಳೆ ಬಿಚ್ಚಿಕೊಳ್ಳದಿರಲಿ ಅಂತ, ಕ್ರೋಮೋಸೋಮಿನ ತುದಿಗೆ ಟೆಲೋಮಿಯರ್ ಹಾಗೆ. ಅದರಲ್ಲಿ TTAGGG ಎಂಬ ಆರು ಡಿಎನ್‌ಎ ಅಕ್ಷರಗಳು ಸಾವಿರದಷ್ಟು ಸಲ ಮತ್ತೆ ಮತ್ತೆ ಬರುತ್ತವೆ. ಜೀವಕೋಶ ಒಡೆದು ಎರಡಾದಾಗಲೆಲ್ಲ ತುದಿ ಒಂಚೂರು ಸವೆಯುತ್ತದೆ. ರಕ್ತದ ಬಿಳಿ ಕಣಗಳಲ್ಲಿ ಅಳೆದರೆ, ದೊಡ್ಡವರಲ್ಲಿ ವರ್ಷಕ್ಕೆ ಸರಾಸರಿ 20ರಿಂದ 30 ಅಕ್ಷರ ಕಡಿಮೆಯಾಗುತ್ತದೆ. ಇಷ್ಟು ನಿಜ. ಇದರಲ್ಲಿ ಮೋಸವಿಲ್ಲ.

ಈಗ ನಿಮ್ಮ ಲೆಕ್ಕ. ಒಂದು ಕಿಲೋಬೇಸ್ ಅಂದರೆ ಸಾವಿರ ಅಕ್ಷರ. ಸರಾಸರಿ 7,100 ಅಕ್ಷರ, ನಿಮ್ಮದು 6,700. ಕೊರತೆ 400. ವರ್ಷಕ್ಕೆ 25 ಸವೆಯುತ್ತದೆ ಅಂದುಕೊಂಡು ಭಾಗಿಸಿದರೆ 16. 41ಕ್ಕೆ 16 ಕೂಡಿಸಿದರೆ 57. ಐದನೇ ಕ್ಲಾಸಿನ ಗಣಿತ. ಭಾಗಾಕಾರ ಸರಿಯಾಗಿದೆ, ಅದನ್ನು ಮಾಡಿದ್ದೇ ತಪ್ಪು.

ಯಾಕೆ ಅಂದರೆ, 41 ವರ್ಷದವರೆಲ್ಲರ ಟೆಲೋಮಿಯರ್ 7,100ರ ಸುತ್ತಮುತ್ತ ಗುಂಪಾಗಿ ನಿಂತಿರುವುದಿಲ್ಲ. ಒಂದೇ ವಯಸ್ಸಿನವರ ನಡುವೆ ಹರಡಿಕೊಂಡಿರುವ ಅಂತರ ತುಂಬಾ ದೊಡ್ಡದು. ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 650 ಅಕ್ಷರ. ಅಂದರೆ ಮೂರರಲ್ಲಿ ಎರಡು ಭಾಗ ಜನ 6,450ರಿಂದ 7,750ರ ಒಳಗೆ ಇರುತ್ತಾರೆ. ಇವರಿಗೆಲ್ಲ ಅದೇ ಭಾಗಾಕಾರ ಮಾಡಿ ನೋಡಿ. 650ನ್ನು 25ರಿಂದ ಭಾಗಿಸಿದರೆ 26. ಒಬ್ಬರಿಗೆ 'ನಿಮ್ಮ ಜೈವಿಕ ವಯಸ್ಸು 15' ಎಂದು ಬರುತ್ತದೆ, ಇನ್ನೊಬ್ಬರಿಗೆ 67. ಇಬ್ಬರೂ 41 ವರ್ಷದವರೇ, ಇಬ್ಬರೂ ಆರೋಗ್ಯವಾಗಿಯೇ ಇದ್ದಾರೆ. ಉಳಿದ ಮೂರರಲ್ಲೊಂದು ಭಾಗದವರು ಇದಕ್ಕಿಂತಲೂ ಆಚೆ. ಕೆಲವರ ವಯಸ್ಸು ಸೊನ್ನೆಗಿಂತ ಕೆಳಗೂ ಇಳಿಯುತ್ತದೆ! ಅಂಥ ರಿಪೋರ್ಟನ್ನು ಯಾರಿಗೂ ಕಳಿಸುವ ಹಾಗಿಲ್ಲವಲ್ಲ.

ನಿಮ್ಮ ಜಾಗ ಎಲ್ಲಿದೆ ಎಂದು ಸರಿಯಾಗಿ ಹೇಳಬೇಕಾದರೆ ಹೀಗೆ: ನಿಮ್ಮ ವಯಸ್ಸಿನ 100 ಜನರನ್ನು ಟೆಲೋಮಿಯರ್ ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಿಮಗಿಂತ ಗಿಡ್ಡ ಇರುವವರು ಇನ್ನೂ 27 ಜನ ಸಿಗುತ್ತಾರೆ. ಹಾಗೆ ಬರೆದಿದ್ದರೆ ನೀವು ಇಲ್ಲಿ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತು? ಬಹುಪಾಲು ಹುಟ್ಟುವಾಗಲೇ ಬಂದಿರುತ್ತದೆ. ಮುಖ್ಯವಾದ ಮಾತು ಇದೇ. ಬಚ್ಚಲಲ್ಲಿ ಸವೆದ ಸೋಪು ನೋಡಿ, ಬಿಚ್ಚಿ ಎಷ್ಟು ದಿನ ಆಯಿತು ಎಂದು ಹೇಳಬಹುದು, ಎಲ್ಲರ ಮನೆಯಲ್ಲೂ ಒಂದೇ ಸೈಜಿನ ಸೋಪು ತಂದಿದ್ದರೆ. ಇಲ್ಲಿ ಸೋಪುಗಳೇ ಬೇರೆ ಬೇರೆ ಸೈಜು. ಈಗತಾನೆ ಹುಟ್ಟಿದ ಮಕ್ಕಳಲ್ಲಿ ಅಳೆದರೂ ಮಗುವಿನಿಂದ ಮಗುವಿಗೆ ದೊಡ್ಡವರಲ್ಲಿ ಕಾಣುವಷ್ಟೇ ವ್ಯತ್ಯಾಸ ಕಾಣುತ್ತದೆ. ಮೊದಲ ಇಪ್ಪತ್ತು ವರ್ಷ ಮೈ ಬೆಳೆಯುವಾಗ ಸವೆತವೂ ಜೋರು. ಆಮೇಲೆ ನಿಧಾನ. ದೊಡ್ಡವರನ್ನು ಹತ್ತು ಹನ್ನೆರಡು ವರ್ಷ ಬಿಟ್ಟು ಮತ್ತೆ ಅಳೆದ ಅಧ್ಯಯನಗಳಲ್ಲಿ ಸಾಲಿನ ಕ್ರಮ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಉದ್ದ ಇದ್ದವರು ಉದ್ದ, ಗಿಡ್ಡ ಇದ್ದವರು ಗಿಡ್ಡ. ಅಂದರೆ ನಿಮ್ಮ 400 ಅಕ್ಷರಗಳ ಕೊರತೆ ನಿಮ್ಮ ನಿದ್ದೆಗೆಟ್ಟ ರಾತ್ರಿಗಳ ಲೆಕ್ಕಪತ್ರ ಅಲ್ಲ. ಅದರಲ್ಲಿ ಜಾಸ್ತಿ ಪಾಲು ನೀವು ತೊಟ್ಟಿಲಲ್ಲಿದ್ದಾಗಲೇ ಇತ್ತು.

ಇನ್ನೊಂದು ತಮಾಷೆ ಹೇಳುತ್ತೇನೆ. ಗಂಡಸಿಗೆ ವಯಸ್ಸಾದಂತೆ ವೀರ್ಯಾಣುಗಳ ಟೆಲೋಮಿಯರ್ ಗಿಡ್ಡವಾಗುವ ಬದಲು ಉದ್ದವಾಗುತ್ತದೆ. ಹಾಗಾಗಿ ಅಪ್ಪನಿಗೆ ವಯಸ್ಸಾದ ಮೇಲೆ ಹುಟ್ಟಿದ ಮಕ್ಕಳಿಗೆ ಸ್ವಲ್ಪ ಉದ್ದದ ಟೆಲೋಮಿಯರ್ ಸಿಗುತ್ತದೆ. ಅಪ್ಪನ ಒಂದೊಂದು ವರ್ಷಕ್ಕೆ ಸುಮಾರು 15 ಅಕ್ಷರ ಎಂದು ಹಿಡಿಯಿರಿ. ನಿಮ್ಮ ತಂದೆಗೆ 22 ಇದ್ದಾಗ ನೀವು ಹುಟ್ಟಿದ್ದರೆ, 40ಕ್ಕೆ ಅಪ್ಪನಾದವರ ಮಗನ ಪಕ್ಕದಲ್ಲಿ ನಿಮಗೆ 270 ಅಕ್ಷರ ಕಡಿಮೆ. ಆ ಕಂಪನಿಯ ಲೆಕ್ಕದಲ್ಲಿ ಇದೊಂದೇ ನಿಮ್ಮನ್ನು ಹತ್ತು ಹನ್ನೊಂದು ವರ್ಷ ಮುದುಕ ಮಾಡುತ್ತದೆ. ನಿಮ್ಮ ತಂದೆ ಬೇಗ ಮದುವೆಯಾದದ್ದಕ್ಕೆ ನೀವು ಮಾತ್ರೆ ನುಂಗಬೇಕು!

ಹಾಗಾದರೆ ಟೆಲೋಮಿಯರ್‌ನಿಂದ ವಯಸ್ಸನ್ನು ಎಷ್ಟರ ಮಟ್ಟಿಗೆ ಊಹಿಸಬಹುದು? ಅಧ್ಯಯನಗಳಲ್ಲಿ ವಯಸ್ಸಿಗೂ ಉದ್ದಕ್ಕೂ ಇರುವ ಸಹಸಂಬಂಧ ಹೆಚ್ಚಾಗಿ -0.3ರ ಆಸುಪಾಸು. ಸಂಬಂಧ ಪಕ್ಕಾ ಇದ್ದರೆ ಅದು -1, ಏನೂ ಇಲ್ಲದಿದ್ದರೆ 0. ಸ್ವಲ್ಪ ಧಾರಾಳವಾಗಿ -0.35 ಎಂದೇ ಇಟ್ಟುಕೊಳ್ಳೋಣ. 20ರಿಂದ 80 ವರ್ಷದವರೆಗಿನ ಜನ ಸಮನಾಗಿ ಇರುವ ಒಂದು ಗುಂಪಿನಿಂದ ಯಾರನ್ನೋ ಕರೆದು, ಮುಖ ನೋಡದೆ ಸುಮ್ನೆ '50' ಅಂದರೆ ತಪ್ಪು ಸಾಮಾನ್ಯವಾಗಿ 17 ವರ್ಷದಷ್ಟು. ಅವರ ಟೆಲೋಮಿಯರ್ ಅಳೆದು, ಲೆಕ್ಕ ಹಾಕಿ, ಆಮೇಲೆ ಊಹಿಸಿದರೆ ತಪ್ಪು 16 ವರ್ಷ. ರಕ್ತ ತೆಗೆದು, ದುಡ್ಡು ಕೊಟ್ಟು, ಗಳಿಸಿದ್ದು ಒಂದು ವರ್ಷದ ನಿಖರತೆ. ನಿಮ್ಮ ಬೀದಿಯ ತರಕಾರಿಯಮ್ಮ ಮುಖ ನೋಡಿಯೇ ಇದಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಸಾವಿರಾರು ಜನರ ಸರಾಸರಿ ತೆಗೆದಾಗ ಮಾತು ಬೇರೆ. ಆಗ ಒಬ್ಬೊಬ್ಬರ ಏರುಪೇರು ಒಂದನ್ನೊಂದು ಹೊಡೆದುಹಾಕಿ, ವರ್ಷಕ್ಕೆ 25 ಅಕ್ಷರದ ಇಳಿಜಾರು ಸ್ವಚ್ಛವಾಗಿ ಕಾಣುತ್ತದೆ. ಸಂಶೋಧನೆಗೆ ಅದು ಸಾಕು. ನಿಮ್ಮೊಬ್ಬರ ರಿಪೋರ್ಟಿನಲ್ಲಿ ಆ ಇಳಿಜಾರು ಇರುವುದೇ ಇಲ್ಲ, ಒಂದು ಚುಕ್ಕೆ ಮಾತ್ರ ಇರುತ್ತದೆ.

ಇಷ್ಟು ಹೊತ್ತು ನಿಮ್ಮ 6,700 ಎಂಬ ಅಳತೆ ಸರಿಯಾಗಿದೆ ಎಂದೇ ನಂಬಿ ಮಾತಾಡಿದೆ. ಅಲ್ಲೂ ಒಂದು ತೊಂದರೆ ಇದೆ. ಇಂಥ ಅಗ್ಗದ ಟೆಸ್ಟ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಕ್ಯೂಪಿಸಿಆರ್, ಅಂದರೆ ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡುತ್ತಾ ಎಷ್ಟಿದೆ ಎಂದು ಅಂದಾಜಿಸುವ ತಂತ್ರ. ಅದನ್ನು ಟೆಲೋಮಿಯರ್ ಅಳೆಯಲು ಒಗ್ಗಿಸಿದ್ದು 2002ರಲ್ಲಿ ರಿಚರ್ಡ್ ಕಾಥನ್ ಎಂಬ ವಿಜ್ಞಾನಿ. ಇದು ಟೆಲೋಮಿಯರನ್ನು ಸ್ಕೇಲ್ ಇಟ್ಟು ಅಳೆಯುವುದಿಲ್ಲ. ನಿಮ್ಮ ಡಿಎನ್‌ಎಯಲ್ಲಿ ಟೆಲೋಮಿಯರ್ ಭಾಗ ಎಷ್ಟಿದೆ, ಒಂದೇ ಪ್ರತಿ ಇರುವ ಯಾವುದೋ ಜೀನ್ ಎಷ್ಟಿದೆ, ಇವೆರಡರ ಅನುಪಾತ ಕೊಡುತ್ತದೆ. ಅದಕ್ಕೆ T/S ಎನ್ನುತ್ತಾರೆ. ಕಿಲೋಬೇಸ್ ಎಂಬುದು ಆಮೇಲೆ ಸೂತ್ರ ಹಾಕಿ ತಂದದ್ದು.

ಪಿಸಿಆರ್‌ನಲ್ಲಿ ಪ್ರತಿ ಸುತ್ತಿಗೂ ಡಿಎನ್‌ಎ ಎರಡರಷ್ಟಾಗುತ್ತದೆ. ಹಾಗಾಗಿ ಸುತ್ತಿನ ಎಣಿಕೆಯಲ್ಲಿ ಬರೀ 0.1 ಆಚೀಚೆ ಆದರೂ ಉತ್ತರ 7 ಶೇಕಡಾ ಬದಲಾಗುತ್ತದೆ. 6,700ರಲ್ಲಿ 7 ಶೇಕಡಾ ಅಂದರೆ 470 ಅಕ್ಷರ. ಅವರ ಲೆಕ್ಕದಲ್ಲಿ 19 ವರ್ಷ! ಪೈಪೆಟ್ ಹಿಡಿದ ಕೈ ಕೊಂಚ ಹೆಚ್ಚುಕಮ್ಮಿಯಾದರೆ, ಪ್ಲೇಟಿನ ಅಂಚಿನ ಗುಂಡಿಯಲ್ಲಿ ಸ್ವಲ್ಪ ದ್ರವ ಆರಿಹೋದರೆ ಅಷ್ಟು ಸಾಕು. ಅದಕ್ಕೇ ಪ್ರತಿ ಸ್ಯಾಂಪಲನ್ನೂ ಮೂರು ಮೂರು ಗುಂಡಿಯಲ್ಲಿ ಹಾಕಿ ಸರಾಸರಿ ತೆಗೆಯುತ್ತೇವೆ. ಆದರೂ ಒಂದೇ ಟ್ಯೂಬಿನ ಡಿಎನ್‌ಎ ಸೋಮವಾರ ಒಂದು ಸಂಖ್ಯೆ, ಗುರುವಾರ ಇನ್ನೊಂದು ಸಂಖ್ಯೆ ಕೊಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಡಿಎನ್‌ಎಯನ್ನು ರಕ್ತದಿಂದ ಬೇರ್ಪಡಿಸುವ ಕಿಟ್ ಬದಲಾದರೂ ಫಲಿತಾಂಶ ಜರುಗುತ್ತದೆ. ನಮ್ಮಲ್ಲಿ ಒಂದು ಸಲ ಕಿಟ್ ಬದಲಾದದ್ದನ್ನು ಯಾರೂ ಬರೆದಿಡಲಿಲ್ಲ. ಒಂದು ಬ್ಯಾಚಿನ ಜನರೆಲ್ಲ ಒಟ್ಟಿಗೆ 'ಮುದುಕ'ರಾಗಿಬಿಟ್ಟಿದ್ದರು. ಕಾರಣ ಹುಡುಕಲು ಎರಡು ವಾರ ಹಿಡಿಯಿತು.

ರಕ್ತವೂ ಒಂದೇ ಬಗೆಯ ಕಣಗಳ ರಾಶಿ ಅಲ್ಲ. ಬಿಳಿ ಕಣಗಳಲ್ಲೇ ಹಲವು ಜಾತಿ, ಒಂದೊಂದಕ್ಕೆ ಒಂದೊಂದು ಉದ್ದ. ಹಳೆಯ ಸೋಂಕುಗಳನ್ನು ಎದುರಿಸಿ ಮತ್ತೆ ಮತ್ತೆ ಒಡೆದ ಟಿ ಕೋಶಗಳದ್ದು ಗಿಡ್ಡ, ಇನ್ನೂ ಕೆಲಸ ಸಿಗದವುಗಳದ್ದು ಉದ್ದ. ಸೋಂಕು ತಗುಲಿದಾಗ ಈ ಮಿಶ್ರಣ ಬದಲಾಗುತ್ತದೆ. ಒಂದು ಟೆಲೋಮಿಯರೂ ಸವೆಯದೆ ಸರಾಸರಿ ಮಾತ್ರ ಏರುತ್ತದೆ ಅಥವಾ ಇಳಿಯುತ್ತದೆ. ನಾಸಾದ ಗಗನಯಾತ್ರಿ ಸ್ಕಾಟ್ ಕೆಲ್ಲಿ 2015-16ರಲ್ಲಿ 340 ದಿನ ಬಾಹ್ಯಾಕಾಶದಲ್ಲಿದ್ದಾಗ ಅವರ ಬಿಳಿ ಕಣಗಳ ಟೆಲೋಮಿಯರ್ ಉದ್ದವಾಗಿತ್ತು. ಭೂಮಿಗೆ ಇಳಿದ ಕೆಲವೇ ದಿನಗಳಲ್ಲಿ ಸರ್ರನೆ ಗಿಡ್ಡವಾಯಿತು. ಅವರೇನು ಮೇಲೆ ಹೋಗಿ ಯುವಕರಾಗಿ, ಇಳಿದು ಮುದುಕರಾದರಾ? ಇಲ್ಲ ಅಲ್ವಾ.

ಒಂದು ಸಂದರ್ಭದಲ್ಲಿ ಮಾತ್ರ ಟೆಲೋಮಿಯರ್ ಅಳತೆ ಒಬ್ಬ ವ್ಯಕ್ತಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಟೆಲೋಮಿಯರನ್ನು ಕಾಪಾಡುವ ಜೀನ್‌ಗಳೇ ಕೆಟ್ಟಿರುವ ಅಪರೂಪದ ಕಾಯಿಲೆಗಳಿವೆ, ಡಿಸ್ಕೆರಟೋಸಿಸ್ ಕಂಜೆನಿಟಾ ಅಂಥದ್ದು. ಅವರಲ್ಲಿ ಉದ್ದ ಸಾಮಾನ್ಯವಾಗಿ 100ರಲ್ಲಿ ಕೊನೆಯವರಿಗಿಂತಲೂ ಕೆಳಗೆ ಇರುತ್ತದೆ, ನಿಮ್ಮ ಹಾಗೆ 27 ಜನರ ಮೇಲೆ ಅಲ್ಲ. ಅದನ್ನು ಫ್ಲೋ-ಫಿಶ್ ಎಂಬ ಬೇರೆ ವಿಧಾನದಲ್ಲಿ, ಕಣಗಳ ಜಾತಿಯನ್ನು ಬೇರೆ ಮಾಡಿ ಅಳೆಯುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂಳೆಮಜ್ಜೆ ಕೈಕೊಟ್ಟಿದ್ದರೆ, ಕಾರಣ ತಿಳಿಯದೆ ಶ್ವಾಸಕೋಶ ಗಟ್ಟಿಯಾಗಿದ್ದರೆ, ಕುಡಿಯದವರಿಗೂ ಲಿವರ್ ಹಾಳಾಗಿದ್ದರೆ, ಹಲವರಿಗೆ ಇಪ್ಪತ್ತರ ಹರೆಯದಲ್ಲೇ ಕೂದಲು ಪೂರ್ತಿ ಬೆಳ್ಳಗಾಗಿದ್ದರೆ, ರಕ್ತರೋಗ ತಜ್ಞರಿಗೋ ಜೆನೆಟಿಕ್ಸ್ ವೈದ್ಯರಿಗೋ ಆ ವಿಷಯ ಹೇಳಿ. ಈ ರಿಪೋರ್ಟ್ ತೋರಿಸುವುದಕ್ಕಿಂತ ಮನೆಯವರ ಆ ವಿವರ ಅವರಿಗೆ ಹೆಚ್ಚು ಬೇಕು.

ಮಾತ್ರೆಯ ವಿಷಯ. ಟೆಲೋಮಿಯರ್ ಉದ್ದ ಮಾಡುತ್ತದೆ ಎಂದೇ ಅದನ್ನು ಮಾರುವುದು. ಆದರೆ ಉದ್ದ ಇದ್ದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. POT1 ಎಂಬ ಜೀನ್‌ನಲ್ಲಿ ದೋಷವಿದ್ದು ಟೆಲೋಮಿಯರ್ ತೀರಾ ಉದ್ದ ಇರುವ ಕುಟುಂಬಗಳಲ್ಲಿ ಚರ್ಮದ ಮೆಲನೋಮದಂಥ ಕ್ಯಾನ್ಸರ್ ಜಾಸ್ತಿ. ಲ್ಯಾಬಿನ ಇಲಿಗಳಿಗೆ ನಮಗಿಂತ ಎಷ್ಟೋ ಪಟ್ಟು ಉದ್ದದ ಟೆಲೋಮಿಯರ್ ಇದೆ, ಬದುಕುವುದು ಎರಡು ಮೂರು ವರ್ಷ.

ಆರು ತಿಂಗಳ ಮೇಲೆ ಮತ್ತೆ ಅಳೆಸಿದರೆ ಏನಾಗುತ್ತದೆ ಎಂದು ಈಗಲೇ ಹೇಳಬಲ್ಲೆ. ಆರು ತಿಂಗಳಲ್ಲಿ ನಿಜವಾಗಿ ಸವೆಯುವುದು ಹನ್ನೆರಡು ಹದಿಮೂರು ಅಕ್ಷರ. ಅಳತೆಯ ಏರುಪೇರು ಅದರ ಹತ್ತಿಪ್ಪತ್ತು ಪಟ್ಟು. ಮೊದಲ ಸಲ ಕೆಳಗೆ ಬಂದವರ ಅಳತೆಯಲ್ಲಿ ದುರದೃಷ್ಟದ ಪಾಲೂ ಸ್ವಲ್ಪ ಇರುತ್ತದೆ, ಎರಡನೇ ಸಲ ಆ ದುರದೃಷ್ಟ ಮತ್ತೆ ಬರಬೇಕೆಂದೇನಿಲ್ಲ. ಆದ್ದರಿಂದ ನಿಮ್ಮ ಸಂಖ್ಯೆ ಸರಾಸರಿಯ ಕಡೆಗೆ ಏರುವ ಸಾಧ್ಯತೆಯೇ ಹೆಚ್ಚು, ಮಾತ್ರೆ ನುಂಗಿದರೂ ಅಷ್ಟೇ, ಆ ಡಬ್ಬಿಯನ್ನು ಬಿಚ್ಚದೆ ಅಲಮಾರಿಯಲ್ಲಿ ಇಟ್ಟರೂ ಅಷ್ಟೇ. ರಿಪೋರ್ಟಿನಲ್ಲಿ ಮಾತ್ರ 'ನೀವು 9 ವರ್ಷ ಕಿರಿಯರಾಗಿದ್ದೀರಿ' ಎಂದು ಹಸಿರು ಬಣ್ಣದಲ್ಲಿ ಬರುತ್ತದೆ, ಕೆಳಗೆ ಮುಂದಿನ ಆರು ತಿಂಗಳ ಡಬ್ಬಿಯ ಬೆಲೆ.