ಯೋಗ ಸ್ಟುಡಿಯೋದ ಉಚಿತ ವಾರಕ್ಕೆ ಹ್ಯಾಂಡ್‌ಬಿಲ್: ಏನು ಬರೆಯಬೇಕು, ಯಾವುದನ್ನು ಬಿಡಬೇಕು

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮಕ್ಕ ಸಣ್ಣ ಯೋಗ ಸ್ಟುಡಿಯೋ ತೆರೆದಿದ್ದಾರೆ. 2026ರ ಜನವರಿ 5ರಿಂದ ಒಂದು ವಾರ ಉಚಿತ ತರಗತಿ. ಬೆಳಗ್ಗೆ 6, ಹತ್ತೂವರೆ, ರಾತ್ರಿ 8 ಹೀಗೆ ಮೂರು ಬ್ಯಾಚ್. ಕೋಣೆಯಲ್ಲಿ 14 ಮ್ಯಾಟ್ ಹಿಡಿಯುತ್ತವೆ. ಆಮೇಲೆ ತಿಂಗಳಿಗೆ 1,200 ರೂಪಾಯಿ. ಹ್ಯಾಂಡ್‌ಬಿಲ್‌ಗೆ ಕನ್ನಡದಲ್ಲಿ ಏನು ಬರೆಯೋದು? ಟೈಮಿಂಗ್, ಹೆಸರು ಕೊಡೋದು ಹೇಗೆ ಅನ್ನೋದು ಸ್ಪಷ್ಟವಾಗಿ ಇರಬೇಕು.

ಉತ್ತರ:

ನಾನು ಇದೇ ಲೋಕಲ್ ರೈಲಿನ ಲೈನಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಹಾಗಾಗಿ ಇಂಥ ಕಾಗದಗಳು ದಿನಾ ಕೈಗೆ ಬರುತ್ತವೆ. ಮೊದಲು ಬರಹವನ್ನೇ ಕೊಡುತ್ತೇನೆ. ಯಾಕೆ ಹೀಗೆ ಬರೆದೆ ಅನ್ನೋದು ಆಮೇಲೆ.

ಉಚಿತ ಯೋಗ ವಾರ
ಜನವರಿ 5, ಸೋಮವಾರದಿಂದ ಜನವರಿ 10, ಶನಿವಾರದವರೆಗೆ
ಆರು ದಿನವೂ ಉಚಿತ. ಯೋಗ ಎಂದೂ ಮಾಡದವರೂ ಬರಬಹುದು.

ಸಮಯ (ಒಬ್ಬರಿಗೆ ಒಂದು ಬ್ಯಾಚ್)
ಬ್ಯಾಚ್ 1: ಬೆಳಗ್ಗೆ 6:00ರಿಂದ 7:00
ಬ್ಯಾಚ್ 2: ಬೆಳಗ್ಗೆ 10:30ರಿಂದ 11:30
ಬ್ಯಾಚ್ 3: ರಾತ್ರಿ 8:00ರಿಂದ 9:00

ಸೇರುವುದು ಹೀಗೆ
1. 9XXXXXXXXX ನಂಬರಿಗೆ ನಿಮ್ಮ ಹೆಸರು, ಬ್ಯಾಚ್ ನಂಬರ್ ವಾಟ್ಸಾಪ್ ಮಾಡಿ.
2. ‘ಜಾಗ ಇದೆ, ಬನ್ನಿ’ ಎಂದು ನಮ್ಮ ಉತ್ತರ ಬಂದರೆ ನಿಮ್ಮ ಹೆಸರು ಸೇರಿತು.
ಒಂದು ಬ್ಯಾಚಿಗೆ 14 ಜನ ಮಾತ್ರ. ಹೆಸರು ಕೊಡಲು ಕೊನೆಯ ದಿನ ಜನವರಿ 3, ಶನಿವಾರ ರಾತ್ರಿ 8 ಗಂಟೆ.
ವಾಟ್ಸಾಪ್ ಇಲ್ಲದವರು ಇದೇ ನಂಬರಿಗೆ ಮಧ್ಯಾಹ್ನ 12ರಿಂದ 5ರೊಳಗೆ ಫೋನ್ ಮಾಡಿ.

ಮ್ಯಾಟ್ ನಾವೇ ಕೊಡುತ್ತೇವೆ. ಸಡಿಲ ಬಟ್ಟೆ ಹಾಕಿಕೊಂಡು, ಹೊಟ್ಟೆ ಹಗುರ ಇಟ್ಟುಕೊಂಡು ಹತ್ತು ನಿಮಿಷ ಮೊದಲೇ ಬನ್ನಿ.
ಬಿಪಿ, ಬೆನ್ನುನೋವು, ಗ್ಲಾಕೋಮಾ ಇದ್ದವರು, ಈಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಹೆಸರು ಕೊಡುವಾಗಲೇ ತಿಳಿಸಿ.

ವಾರ ಮುಗಿದ ಮೇಲೆ ಮುಂದುವರಿಯಲೇಬೇಕು ಎಂದೇನಿಲ್ಲ. ಮುಂದುವರಿದರೆ ತಿಂಗಳಿಗೆ ₹1,200.

(ಕೊನೆಯಲ್ಲಿ ಸ್ಟುಡಿಯೋ ಹೆಸರು, ಕಟ್ಟಡ, ಮಹಡಿ, ಹತ್ತಿರದ ಗುರುತು, ಡೊಂಬಿವಲಿ ಪೂರ್ವ.)

ಇಷ್ಟು ಒಂದು ಎ5 ಕಾಗದದಲ್ಲಿ, ಅಂದರೆ ಎ4ರ ಅರ್ಧದಲ್ಲಿ, ಓದುವ ಹಾಗೆ ಕೂರುತ್ತದೆ. ಕಮಲದ ಹೂವು, ಪದ್ಮಾಸನದ ನೆರಳುಚಿತ್ರ ಅಂತ ಅರ್ಧ ಕಾಗದ ಕೊಟ್ಟರೆ ಕೂರುವುದಿಲ್ಲ. ಚಿತ್ರ ಬೇಕೇ ಬೇಕು ಅಂದರೆ ಆ ಕೋಣೆಯದೇ ಒಂದು ಫೋಟೋ ಹಾಕಿ. ನೆಟ್‌ನಿಂದ ತೆಗೆದ ಸಮುದ್ರತೀರದ ಹುಡುಗಿಯನ್ನು ಕಂಡರೆ ಅರವತ್ತು ದಾಟಿದ ಅಜ್ಜಿ ‘ಇದು ನಮಗಲ್ಲ’ ಅಂತ ಪಕ್ಕಕ್ಕಿಡುತ್ತಾರೆ.

ಈಗ ಸಮಯದ ವಿಷಯ. ‘6 ಟು 7’ ಅಂತ ಬರೆದ ಕಾಗದಗಳೇ ಜಾಸ್ತಿ. ಬೆಳಗ್ಗೆಯೋ ಸಂಜೆಯೋ ಅಂತ ಕೇಳಲು ಜನ ಫೋನ್ ಮಾಡುತ್ತಾರೆ. ಆ ಹೊತ್ತಿಗೆ ನಿಮ್ಮಕ್ಕ ಪಾಠ ಮಾಡುತ್ತಿರುತ್ತಾರೆ, ಫೋನ್ ಎತ್ತುವುದಿಲ್ಲ. ಆ ಮನುಷ್ಯ ಎರಡನೇ ಸಲ ಮಾಡುವುದಿಲ್ಲ. ಫೋನಿನ ಹೊತ್ತನ್ನು 12ರಿಂದ 5 ಅಂತ ಬೇರೆಯಾಗಿ ಹಾಕಿರುವುದೂ ಅದಕ್ಕೇ. ಹತ್ತೂವರೆ ಬ್ಯಾಚ್ ಮುಗಿದಿರುತ್ತದೆ, ರಾತ್ರಿಯದಕ್ಕೆ ಇನ್ನೂ ಹೊತ್ತಿರುತ್ತದೆ. ‘ಒಂದು ವಾರ’ ಅನ್ನೋದೂ ಹಾಗೇ. ಏಳು ದಿನವೋ ಆರು ದಿನವೋ, ಭಾನುವಾರ ಇದೆಯೋ ಇಲ್ಲವೋ? ತಾರೀಕಿನ ಪಕ್ಕ ವಾರದ ಹೆಸರು ಬರೆದು, ‘ಆರು ದಿನವೂ’ ಅಂದುಬಿಟ್ಟರೆ ಆ ಅನುಮಾನ ಮುಗಿಯುತ್ತದೆ. ತಾರೀಕು ತಪ್ಪಾಗಿ ಅಚ್ಚಾಗಿದ್ದರೂ ವಾರ ಹೊಂದದೆ ಇದ್ದಾಗ ಪ್ರೂಫ್ ನೋಡುವವರ ಕಣ್ಣಿಗೆ ಬೀಳುತ್ತದೆ.

ಒಂದು ಮಾತು ನಿಮ್ಮಕ್ಕನಿಗೆ ತಿಳಿಸಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ. ಆರರ ಬ್ಯಾಚಿಗೆ ಬರುವವರು ಕತ್ತಲೆಯಲ್ಲೇ ಬರಬೇಕು. ಆದರೂ ಅದನ್ನು ಆರೂವರೆಗೆ ತಳ್ಳಬೇಡಿ. ಏಳಕ್ಕೆ ಬಿಟ್ಟರೆ ಸ್ನಾನ, ತಿಂಡಿ ಮುಗಿಸಿ ಎಂಟರ ಆಸುಪಾಸಿನ ಫಾಸ್ಟ್ ಲೋಕಲ್ ಹಿಡಿಯಬಹುದು. ಏಳೂವರೆಗೆ ಬಿಟ್ಟರೆ ಆಗುವುದಿಲ್ಲ. ಬದಲಿಗೆ ಮೆಟ್ಟಿಲಿನ ದೀಪ ಹಾಕಿಸಿ, ವಾಚ್‌ಮನ್‌ಗೆ ಐದೂವರೆಗೇ ಗೇಟ್ ತೆಗೆಯಲು ಹೇಳಿ.

ಹೆಸರು ಕೊಡುವ ಕ್ರಮವನ್ನು ಎರಡೇ ಹೆಜ್ಜೆಗೆ ಇಳಿಸಿದ್ದೇನೆ. ಗೂಗಲ್ ಫಾರ್ಮ್ ಬೇಡ ಅಂತ ನನ್ನ ಅಭಿಪ್ರಾಯ. ಇಮೇಲ್, ವಯಸ್ಸು, ‘ನಮ್ಮ ಬಗ್ಗೆ ಹೇಗೆ ತಿಳಿಯಿತು’ ಅಂತ ಹತ್ತು ಕೇಳಿದರೆ ಅರ್ಧಕ್ಕೇ ಬಿಡುತ್ತಾರೆ. ಇಲ್ಲಿ ನಿಮಗೆ ಬೇಕಿರುವುದು ಎರಡೇ: ಯಾರು, ಯಾವ ಬ್ಯಾಚ್. ನಂಬರ್ ವಾಟ್ಸಾಪ್‌ನಲ್ಲೇ ಬಂದಿರುತ್ತದೆ. ಆರೋಗ್ಯದ ವಿಷಯ ಇದ್ದವರು ಮಾತ್ರ ಒಂದು ಸಾಲು ಜಾಸ್ತಿ ಬರೆಯುತ್ತಾರೆ. ಗ್ಲಾಕೋಮಾ ಯಾಕೆ ಅಂತ ಕೆಲವರು ಕೇಳಬಹುದು. ತಲೆ ಕೆಳಗಾಗುವ ಆಸನಗಳಲ್ಲಿ ಕಣ್ಣಿನ ಒತ್ತಡ ಏರುತ್ತದೆ. ಅಂಥವರಿಗೆ ಶೀರ್ಷಾಸನ, ಸರ್ವಾಂಗಾಸನ ಬೇಡ. ಅದು ಮೊದಲ ದಿನವೇ ಅಕ್ಕನಿಗೆ ಗೊತ್ತಿರಬೇಕು.

ಇದರಲ್ಲಿ ಎರಡನೇ ಹೆಜ್ಜೆಯೇ ಮುಖ್ಯ. ಅದಿಲ್ಲದೆ ಹೋದರೆ ಮೆಸೇಜ್ ಹಾಕಿದವರೆಲ್ಲ ಜಾಗ ಸಿಕ್ಕಿತು ಅಂದುಕೊಳ್ಳುತ್ತಾರೆ. ಸೋಮವಾರ ರಾತ್ರಿ ಎಂಟಕ್ಕೆ ಇಪ್ಪತ್ತು ಜನ ಬಂದು ನಿಂತರೆ ಆರು ಜನರನ್ನು ವಾಪಸ್ ಕಳಿಸಬೇಕು. ಆ ಆರು ಜನ ಇನ್ನೆಂದೂ ಬರುವುದಿಲ್ಲ. ಇನ್ನೊಂದು ಕಷ್ಟ ಇದಕ್ಕೆ ಉಲ್ಟಾ. ಉಚಿತ ಅಂದಾಗ ಹೆಸರು ಕೊಟ್ಟು ಬಾರದವರೂ ಇರುತ್ತಾರೆ. ಅದಕ್ಕೆ 14 ತುಂಬಿದ ಮೇಲೂ ಹೆಸರು ಬರೆದುಕೊಳ್ಳಿ, ಆದರೆ ‘ವೇಟಿಂಗ್’ ಅಂತ ಹೇಳಿ. ಭಾನುವಾರ ಸಂಜೆ 14 ಜನರಿಗೂ ‘ನಾಳೆ ಬರ್ತೀರಾ?’ ಅಂತ ಒಂದು ಮೆಸೇಜ್ ಹಾಕಿ. ಉತ್ತರ ಬಾರದ ಜಾಗ ವೇಟಿಂಗ್‌ನವರಿಗೆ. ಈ ನಿಯಮವನ್ನು ಹ್ಯಾಂಡ್‌ಬಿಲ್‌ನಲ್ಲಿ ಹಾಕಬೇಡಿ, ಓದುವವರಿಗೆ ಗದರಿದ ಹಾಗಾಗುತ್ತದೆ. ‘ಜಾಗ ಇದೆ’ ಅನ್ನುವ ಉತ್ತರದಲ್ಲೇ ಮೆತ್ತಗೆ ಸೇರಿಸಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಂಡರೆ ಈ ಉತ್ತರವನ್ನು ಕ್ವಿಕ್ ರಿಪ್ಲೈ ಆಗಿ ಇಡಬಹುದು. ಬ್ಯಾಚಿಗೊಂದು ಬಣ್ಣದ ಲೇಬಲ್ ಕೂಡ ಹಚ್ಚಬಹುದು, ಎಣಿಸಲು ಸುಲಭ.

ಕಾಗದದ ಮೇಲೆ ಕ್ಯೂಆರ್ ಕೋಡ್ ಹಾಕುವುದಾದರೆ ಈ ಲಿಂಕಿನದು ಮಾಡಿಸಿ:

```
https://wa.me/91XXXXXXXXXX?text=Trial%20Batch
```

91ಕ್ಕೆ ಮೊದಲು ಪ್ಲಸ್ ಬೇಡ, ನಂಬರಿನ ನಡುವೆ ಜಾಗ, ಗೆರೆ ಬೇಡ. ಸ್ಕ್ಯಾನ್ ಮಾಡಿದರೆ ನಿಮ್ಮಕ್ಕನ ಚಾಟ್ ತೆರೆದು ಈ ಎರಡು ಪದ ಮೊದಲೇ ಕೂತಿರುತ್ತವೆ. ಹೆಸರು, ಬ್ಯಾಚ್ ನಂಬರ್ ಅವರು ಸೇರಿಸುತ್ತಾರೆ. ಆ ಪದಗಳನ್ನು ಕನ್ನಡದಲ್ಲಿ ಹಾಕಿದರೆ ಲಿಂಕಿನೊಳಗೆ ಒಂದೊಂದು ಅಕ್ಷರವೂ ಉದ್ದದ ಸಂಕೇತವಾಗುತ್ತದೆ. ಆಗ ಕೋಡಿನ ಚುಕ್ಕಿಗಳು ತೀರಾ ಸಣ್ಣವಾಗಿ ಸ್ಕ್ಯಾನ್ ಕಷ್ಟ. ಕೋಡ್ ಎರಡೂವರೆ ಸೆಂಟಿಮೀಟರ್‌ಗಿಂತ ಚಿಕ್ಕದಾಗದಿರಲಿ. ಸುತ್ತ ಬಿಳಿ ಅಂಚು ಇರಲಿ, ಬಿಳಿ ಮೇಲೆ ಕಪ್ಪೇ ಇರಲಿ. ಲಿಫ್ಟಿನಲ್ಲಿ ಅಂಟಿಸುವ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿದರೆ ಮೇಲಿನ ದೀಪ ಅದರಲ್ಲಿ ಹೊಳೆದು ಕ್ಯಾಮೆರಾಗೆ ಏನೂ ಕಾಣುವುದಿಲ್ಲ, ಗಮನಿಸಿ. ಏನೇ ಇದ್ದರೂ ನಂಬರನ್ನು ದಪ್ಪ ಅಕ್ಷರದಲ್ಲಿ ಪಕ್ಕಕ್ಕೆ ಹಾಕಲೇಬೇಕು.

ವಾಟ್ಸಾಪ್ ಗ್ರೂಪಿಗೆ ಹ್ಯಾಂಡ್‌ಬಿಲ್ ಚಿತ್ರವನ್ನು ಸುಮ್ನೆ ಫಾರ್ವರ್ಡ್ ಮಾಡಿದರೆ ಸಾಲದು. ಚಿತ್ರದಲ್ಲಿರುವ ನಂಬರನ್ನು ಒತ್ತಲು ಆಗದು. ಕೋಡ್ ಅದೇ ಫೋನಿನಲ್ಲಿದ್ದರೆ ಸ್ಕ್ಯಾನ್ ಮಾಡುವುದೂ ತಲೆನೋವು. ಚಿತ್ರದ ಕೆಳಗೆ ಇಷ್ಟು ಟೈಪ್ ಮಾಡಿ:

*ಉಚಿತ ಯೋಗ ವಾರ, ಜನವರಿ 5 (ಸೋಮ)ರಿಂದ 10 (ಶನಿ), ಡೊಂಬಿವಲಿ ಪೂರ್ವ.*
ಬೆಳಗ್ಗೆ 6, ಬೆಳಗ್ಗೆ 10:30, ರಾತ್ರಿ 8. ತಲಾ ಒಂದು ಗಂಟೆ, ಬ್ಯಾಚಿಗೆ 14 ಜನ.
ಹೆಸರು, ಬ್ಯಾಚ್ ಬರೆದು ಜನವರಿ 3, ರಾತ್ರಿ 8ರೊಳಗೆ ಇಲ್ಲಿ ಕಳಿಸಿ: (ಮೇಲಿನ ಲಿಂಕ್)

ಮೊದಲ ಸಾಲಿನ ಎರಡೂ ತುದಿಗೆ ನಕ್ಷತ್ರ ಚಿಹ್ನೆ ಹಾಗೇ ಇರಲಿ, ವಾಟ್ಸಾಪ್ ಅದನ್ನು ದಪ್ಪ ಅಕ್ಷರ ಮಾಡುತ್ತದೆ. ಇನ್‌ಸ್ಟಾಗ್ರಾಂಗೆ ಇದನ್ನೇ ಹಾಕುವುದಾದರೆ ಲಿಂಕ್ ತೆಗೆದು ನಂಬರ್ ಬರೆಯಿರಿ. ಅಲ್ಲಿ ಕ್ಯಾಪ್ಷನ್‌ನಲ್ಲಿರುವ ಲಿಂಕ್ ಒತ್ತಿದರೆ ತೆರೆಯುವುದಿಲ್ಲ.

ಫೀಸನ್ನು ಅಚ್ಚು ಹಾಕಬೇಕೋ ಬೇಡವೋ ಅಂತ ನಿಮ್ಮಕ್ಕ ಹಿಂದೆಮುಂದೆ ನೋಡಬಹುದು. ಹಾಕಿ ಅಂತಲೇ ನಾನು ಹೇಳುವುದು. ಉಚಿತ ಅನ್ನುವುದನ್ನು ಓದಿದ ತಕ್ಷಣ ‘ಶನಿವಾರ ಬಾಗಿಲು ಹಾಕಿ ದುಡ್ಡು ಕೇಳ್ತಾರೆ’ ಅನ್ನುವ ಅಂಜಿಕೆ ಬರುತ್ತದೆ ಅಲ್ವಾ? ಮೊತ್ತವನ್ನೂ, ಒತ್ತಾಯ ಇಲ್ಲ ಅನ್ನುವುದನ್ನೂ ಒಂದೇ ಕಡೆ ಕಂಡರೆ ಅದು ಹೋಗುತ್ತದೆ. 1,200 ಕೊಡಲಾಗದವರಿಗೂ ಮೊದಲೇ ಗೊತ್ತಾಗುತ್ತದೆ.

ಬಿಡಬೇಕಾದ್ದು ಎರಡು. ‘ಶುಗರ್ ವಾಸಿ, ಬಿಪಿ ಮಾಯ’ ಅಂತ ಬರೆಯಬೇಡಿ. ಅದು ಸುಳ್ಳು, ಮೇಲಾಗಿ ಅದನ್ನು ನಂಬಿ ಮಾತ್ರೆ ನಿಲ್ಲಿಸುವವರು ಇದ್ದಾರೆ. ಇನ್ನೊಂದು, ‘ಅಯ್ಯಂಗಾರ್ ಯೋಗ’ ಅನ್ನುವ ಹೆಸರು. ನಮ್ಮ ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಬಂದು ಬೆಳೆಸಿದ ಪದ್ಧತಿ ಅದು. ಮಹಾರಾಷ್ಟ್ರದಲ್ಲಿ ಆ ಹೆಸರಿಗೆ ತೂಕ ಇದೆ ನಿಜ. ಆದರೆ ಆ ಪದ್ಧತಿಯ ಸರ್ಟಿಫಿಕೇಟ್ ಪಡೆದ ಶಿಕ್ಷಕರು ಮಾತ್ರ ಹಾಕಿಕೊಳ್ಳಬೇಕಾದ ಹೆಸರು ಅದು. ನಿಮ್ಮಕ್ಕ ಎಲ್ಲಿ ಕಲಿತರೋ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ, ಸಾಕು.

ವಿಳಾಸದಲ್ಲಿ ‘ಪೂರ್ವ’ ಬಿಟ್ಟುಹೋಗದಿರಲಿ. ಪಶ್ಚಿಮದಲ್ಲಿ ಇಳಿದವರು ಮತ್ತೆ ಬ್ರಿಡ್ಜ್ ಹತ್ತಬೇಕು. ಸ್ಟೇಷನ್‌ನಿಂದ ನಡೆದರೆ ಎಷ್ಟು ನಿಮಿಷ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಅನ್ನೋದನ್ನೂ ಹಾಕಿ. ಮಂಡಿನೋವಿನವರು ಅದನ್ನೇ ಮೊದಲು ನೋಡುವುದು. ರಾತ್ರಿ ಬ್ಯಾಚಿನವರಿಗೆ ಉತ್ತರ ಕಳಿಸುವಾಗ ‘ಸ್ಟೇಷನ್ ಹೊರಗಿನ ವಡಾಪಾವ್ ತರಗತಿ ಮುಗಿದ ಮೇಲೆ’ ಅಂತ ಒಂದು ಮಾತು ಸೇರಿಸಿ. ತಮಾಷೆಯಲ್ಲ, ಪಶ್ಚಿಮೋತ್ತಾನಾಸನದಲ್ಲಿ ಬಗ್ಗಿದಾಗ ಗೊತ್ತಾಗುತ್ತದೆ.

ಹಿಂಬದಿಯಲ್ಲಿ ಇದನ್ನೇ ಮರಾಠಿಯಲ್ಲಿ ಹಾಕಿಸಿ, ಸಾಲುಗಳ ಕ್ರಮ ಬದಲಿಸದೆ. ನಮ್ಮವರ ಮನೆಗಳಲ್ಲೂ ಇಲ್ಲೇ ಓದಿದ ಮಕ್ಕಳಿಗೆ ಕನ್ನಡ ಓದಲು ಬರುವುದು ಕಡಿಮೆ. ಅಂಕಿಗಳು ಎರಡೂ ಕಡೆ 6, 7 ಅಂತಲೇ ಇರಲಿ. ಸೊಸೈಟಿ ಬೋರ್ಡಿಗೆ ಅಂಟಿಸುವ ಮುಂಚೆ ಸೆಕ್ರೆಟರಿಯನ್ನು ಕೇಳಿ. ಪೇಪರ್ ಜೊತೆ ಹಾಕಿಸುವುದಾದರೆ ಹಿಂದಿನ ದಿನವೇ ಪೇಪರ್‌ನವರಿಗೆ ಕಟ್ಟು ತಲುಪಬೇಕು, ಅವರು ಬೆಳಕು ಹರಿಯುವ ಮೊದಲೇ ಜೋಡಿಸಿ ಮುಗಿಸುತ್ತಾರೆ. ಡಿಸೆಂಬರ್ 28 ಭಾನುವಾರ ಒಳ್ಳೆಯ ದಿನ. ಜನವರಿ 1ಕ್ಕೆ ಕಾದರೆ ಹೆಸರು ಕೊಡಲು ಮೂರೇ ದಿನ ಉಳಿಯುತ್ತದೆ.